ಶುಭಾಶಯ ಕೂರದ ಮೂರು ಸಾಲು

‘ಶುಭಾಶಯ’ ಅನ್ನೋ ಪದ ತ್ರಿಪದಿಯೊಳಗೆ ನೆಟ್ಟಗೆ ಕೂರೋದಿಲ್ಲ. ‘ಸಮೃದ್ಧಿ’ಯೂ ಕೂರೋದಿಲ್ಲ. ‘ಯಶಸ್ಸು’ ಕೂಡ ಅಷ್ಟೇ. ಹಬ್ಬದ ದಿನ ಬೆಳಿಗ್ಗೆ ನಮ್ಮ ಫೋನಿಗೆ ಬಂದು ಬೀಳೋ ಸಂದೇಶಗಳಲ್ಲಿ ಈ ಮೂರೂ ಪದ ಇಲ್ಲದೆ ಇರೋದು ಅಪರೂಪ, ಆದರೆ ಕನ್ನಡದ ಅತಿ ಹಳೆಯ ಪದ್ಯದ ಅಚ್ಚು ಇವನ್ನು ಹೊರಗೇ ನಿಲ್ಲಿಸುತ್ತದೆ. ಇದು ಮಡಿವಂತಿಕೆ ಅಲ್ಲ, ಬರೀ ಲೆಕ್ಕ. ಆ ಲೆಕ್ಕ ಏನು ಅಂತ ನಾನು ಸರಿಯಾಗಿ ಕೂತು ನೋಡಿದ್ದು ಹೋದ ವರ್ಷ ನಾಗರಪಂಚಮಿಗೆ ಎರಡು ವಾರ ಇರೋವಾಗ. ಆಫೀಸಿನ ಕನ್ನಡ ಬಳಗದ ಗ್ರೂಪಿಗೆ ಒಂದು ‘ಜನಪದ ಶೈಲಿಯ’ ಹಾರೈಕೆ ಬೇಕು ಅಂತ ಮೈಸೂರಿನ ಗೆಳೆಯನೊಬ್ಬ ಹಿಂದೆ ಬಿದ್ದಿದ್ದ. ನನಗೂ ಬೇರೊಂದು ಮನೆಗೆ ಕಳಿಸಲು ನಾಲ್ಕು ಮಾತು ಬೇಕಿತ್ತು. ಅದರ ವಿಷಯ ಆಮೇಲೆ ಹೇಳ್ತೀನಿ.

ಮೊದಲು ಬಾದಾಮಿಗೆ ಹೋಗೋಣ. ಅಲ್ಲಿನ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟ ಅನ್ನೋ ವೀರನ ಶಾಸನ ಇದೆ. ಕಾಲ ಸುಮಾರು ಕ್ರಿ.ಶ. 700. ಸ್ವಲ್ಪ ಸಂಸ್ಕೃತ, ಉಳಿದದ್ದು ಕನ್ನಡ. ಆ ಕನ್ನಡದ ಭಾಗದಲ್ಲಿರೋದು ತ್ರಿಪದಿ, ನಮಗೆ ಸಿಕ್ಕಿರೋ ತ್ರಿಪದಿಗಳಲ್ಲಿ ಅತಿ ಹಳೆಯದು. ನಮಗೆ ದೊರೆತ ಮೊದಲ ಕನ್ನಡ ಪುಸ್ತಕ ಕವಿರಾಜಮಾರ್ಗ ಬರೋದು ಇದಾಗಿ ಸುಮಾರು ಒಂದೂವರೆ ಶತಮಾನಕ್ಕೆ. ಅಂದರೆ ಪುಸ್ತಕಕ್ಕಿಂತ ಮೊದಲೇ ಈ ಮೂರು ಸಾಲಿನ ಅಚ್ಚು ಕಲ್ಲಿನ ಮೇಲೆ ಪಳಗಿದ ಕೈಯಲ್ಲಿ ನಿಂತಿದೆ. ಒಳ್ಳೆಯವರಿಗೆ ಈತ ಒಳ್ಳೆಯವನು, ಕಾಡುವ ಕಲಿಗೆ ಮಾತ್ರ ತದ್ವಿರುದ್ಧ, ಈತ ಸಾಕ್ಷಾತ್ ಮಾಧವ ಅನ್ನೋ ಅರ್ಥದ ಪ್ರಸಿದ್ಧ ಪದ್ಯ ಅದು. ಓದಿದವರಿಗೆ ಅರ್ಥ ಮಾತ್ರ ನೆನಪಿರುತ್ತದೆ. ನನಗೆ ಕುತೂಹಲ ಹುಟ್ಟಿಸಿದ್ದು ಅದರ ಕಟ್ಟು. ಮೂರೂ ಸಾಲಿನ ಎರಡನೆಯ ಅಕ್ಷರದಲ್ಲಿ ‘ಧ’ ಇದೆ, ಮೂರೂ ಸಾಲಿನ ಮೊದಲ ಅಕ್ಷರ ದೀರ್ಘ. ಯಾರೋ ಅಂದಾಜಿಗೆ ಕೆತ್ತಿದ್ದಲ್ಲ.

ಸುಮಾರು ಮುನ್ನೂರು ವರ್ಷ ಕಳೆದ ಮೇಲೆ, ಹತ್ತನೇ ಶತಮಾನದ ಕೊನೆಯಲ್ಲಿ, ನಾಗವರ್ಮ ‘ಛಂದೋಂಬುಧಿ’ ಬರೆದ. ಸಂಸ್ಕೃತದಿಂದ ಬಂದ ವೃತ್ತಗಳ ಜೊತೆಗೆ ಕನ್ನಡದ್ದೇ ಆದ ಕೆಲವು ಜಾತಿಗಳನ್ನು ಬೇರೆಯಾಗಿ ಹೇಳಿದ, ಅದರಲ್ಲಿ ತ್ರಿಪದಿಯೂ ಒಂದು. ಅವನ ಲೆಕ್ಕದಲ್ಲಿ ತ್ರಿಪದಿಗೆ ಹನ್ನೊಂದು ಗಣ. ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಇವುಗಳಲ್ಲಿ ಆರನೆಯದು ಮತ್ತು ಹತ್ತನೆಯದು ಚಿಕ್ಕ ಗಣ, ಅದಕ್ಕೆ ಬ್ರಹ್ಮ ಅಂತ ಹೆಸರು. ಉಳಿದ ಒಂಬತ್ತೂ ವಿಷ್ಣು.

ಹೆಸರು ಕೇಳಿ ಗಾಬರಿ ಆಗಬೇಡಿ, ಒಳಗಿರೋದು ಸರಳ. ಗಣವನ್ನು ಅಂಶಗಳಲ್ಲಿ ಎಣಿಸುತ್ತಾರೆ. ವಿಷ್ಣುವಿಗೆ ಮೂರು ಅಂಶ, ಬ್ರಹ್ಮನಿಗೆ ಎರಡು. ಒಂದು ಅಂಶ ಅಂದರೆ ಒಂದು ದೀರ್ಘ ಅಕ್ಷರ ಅಥವಾ ಒಂದು ಹ್ರಸ್ವ ಅಕ್ಷರ, ಯಾವುದಾದರೂ ನಡೆಯುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವನ್ನೂ ದೀರ್ಘದ ಲೆಕ್ಕಕ್ಕೇ ಹಾಕುತ್ತಾರೆ. ಕಟ್ಟುನಿಟ್ಟು ಇರೋದು ಗಣದ ಮೊದಲ ಅಂಶಕ್ಕೆ ಮಾತ್ರ. ಅಲ್ಲಿ ಒಂದು ದೀರ್ಘ ಇರಬೇಕು, ಇಲ್ಲವೇ ಎರಡು ಹ್ರಸ್ವ ಜೋಡಿಯಾಗಿ ಬರಬೇಕು. ಒಂಟಿ ಹ್ರಸ್ವ ಬಂದು ಅದರ ಬೆನ್ನಿಗೆ ದೀರ್ಘ ಬಂದರೆ ಗಣ ಶುರುವಾಗೋದೇ ಇಲ್ಲ. ‘ಜೋಕಾಲಿ’ ಒಂದು ವಿಷ್ಣು ಗಣ: ಜೋ, ಕಾ, ಲಿ. ‘ಬೇವಿನ’ ಕೂಡ ವಿಷ್ಣುವೇ, ಅಂಶ ಮೂರಿದೆ, ಆದರೆ ಬಾಯಲ್ಲಿ ಹಿಡಿಯೋ ಹೊತ್ತು ‘ಜೋಕಾಲಿ’ಗಿಂತ ಕಡಿಮೆ. ‘ಹಾಲು’ ಬ್ರಹ್ಮ, ‘ಮನಿಗೆ’ ಕೂಡ ಬ್ರಹ್ಮ, ಯಾಕಂದರೆ ‘ಮನಿ’ ಎರಡು ಹ್ರಸ್ವ ಸೇರಿ ಒಂದಂಶ. ಹೀಗೆ ಹಿಗ್ಗಲೂ ಕುಗ್ಗಲೂ ಜಾಗ ಇಟ್ಟ ಲೆಕ್ಕ ಇದು. ಹೊತ್ತನ್ನು ಸರಿ ಮಾಡೋದು ಹಾಡುವವರ ಗಂಟಲು. ಕಾಲ ಕಳೆದಂತೆ ಬರವಣಿಗೆಯ ತ್ರಿಪದಿಯಲ್ಲಿ ವಿಷ್ಣು ಸುಮಾರಾಗಿ ಐದು ಮಾತ್ರೆಗೂ ಬ್ರಹ್ಮ ಮೂರು ಮಾತ್ರೆಗೂ ಬಂದು ನಿಂತಿತು. ಸರ್ವಜ್ಞನನ್ನು ನಾವು ಓದೋ ಓಟ ಈ ಐದು–ಮೂರರದ್ದು.

ಈಗ ‘ಶುಭಾಶಯ’ಕ್ಕೆ ಬನ್ನಿ. ಶು ಹ್ರಸ್ವ, ಭಾ ದೀರ್ಘ. ಬಾಗಿಲಲ್ಲೇ ಕಾಲು ತಪ್ಪಿತು. ‘ಸಮೃದ್ಧಿ’: ಸ ಹ್ರಸ್ವ, ಮೃ ಒತ್ತಿನ ಹಿಂದೆ ಇರೋದ್ರಿಂದ ದೀರ್ಘದ ಲೆಕ್ಕ. ‘ಯಶಸ್ಸು’: ಅದೇ ಕಥೆ. ಸಂಸ್ಕೃತದಲ್ಲಿ ಇಂಥ ಪದಗಳು ರಾಶಿ ರಾಶಿ ಇವೆ, ಅಲ್ಲಿನ ವೃತ್ತಗಳಿಗೆ ಅವು ಬೇಕು ಕೂಡ. ಅಚ್ಚ ಕನ್ನಡದ ಪದಗಳಲ್ಲಿ ಹ್ರಸ್ವದ ಬೆನ್ನಿಗೇ ದೀರ್ಘ ಹತ್ತಿ ಶುರುವಾಗೋದು ತೀರ ಕಡಿಮೆ, ಎರಡು ಪದ ಸೇರಿದಾಗ ಮಾತ್ರ ಎದ್ದು ಕಾಣುತ್ತದೆ. ಕನ್ನಡದ ನಾಲಿಗೆ ಹೇಗೆ ಹೊರಳುತ್ತದೋ ಹಾಗೆ ಅಂಶಗಣದ ನಿಯಮ ಆಗಿದೆ ಅಂತ ನನ್ನ ಅನಿಸಿಕೆ. ಹಾಗಂತ ಜಾಣತನ ಮಾಡಿ ‘ಹಬ್ಬದ ಶು’ ಅಂತ ಒಂದು ಗಣಕ್ಕೆ ತುಂಡು ಮಾಡಿ, ‘ಭಾಶಯ’ವನ್ನು ಮುಂದಿನ ಗಣಕ್ಕೆ ದೂಡಬಹುದು. ಮಾತ್ರೆಯ ಲೆಕ್ಕದಲ್ಲಿ ‘ಹಬ್ಬದ ಶು’ ಪಾಸು. ಆದರೆ ಜನಪದದ ತ್ರಿಪದಿಯಲ್ಲಿ ಪದ ಮುಗಿಯೋ ಕಡೆಯೇ ಹೆಚ್ಚಾಗಿ ಗಣವೂ ಮುಗಿಯುತ್ತದೆ, ತುಂಡಾದ ಪದ ಕಿವಿಗೆ ತಕ್ಷಣ ಚುಚ್ಚುತ್ತದೆ.

ಮೈಸೂರಿನ ಗೆಳೆಯನ ಮೊದಲ ಕರಡು ಇಲ್ಲೇ ಸಿಕ್ಕಿಕೊಂಡಿತ್ತು. ‘ಪಂಚಮಿ ಹಬ್ಬದ ಹಾರ್ದಿಕ ಶುಭಾಶಯ’ ಅಂತ ಶುರು ಮಾಡಿದ್ದ. ಮೊದಲ ಮೂರು ಪದ ಏನೂ ತೊಂದರೆ ಇಲ್ಲ, ಮೂರೂ ಸಣ್ಣ ವಿಷ್ಣು ಗಣಗಳೇ. ನಾಲ್ಕನೆಯದಕ್ಕೆ ಬಂದಾಗ ಗಾಡಿ ಗುಂಡಿಗೆ ಬಿದ್ದ ಹಾಗೆ ಆಗುತ್ತಿತ್ತು. ಮೂರೂ ಸಾಲಿನ ಕೊನೆಯಲ್ಲಿ ಪ್ರಾಸ ಬೇರೆ ಇಟ್ಟಿದ್ದ. ‘ಜನಪದ ಅಂದ್ರೆ ರೈಮ್ ಇರ್ಬೇಕಲ್ವಾ?’ ಅಂತ ಅವನ ವಾದ. ಇರಬೇಕು, ಆದರೆ ಕನ್ನಡದ ಹಳೆಯ ಪ್ರಾಸ ಸಾಲಿನ ಬಾಲದಲ್ಲಿ ಇರೋದಲ್ಲ, ತಲೆಯಲ್ಲಿ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಬೇಕು, ಅದರ ಹಿಂದಿನ ಅಕ್ಷರ ಒಂದು ಸಾಲಿನಲ್ಲಿ ದೀರ್ಘ ಆದರೆ ಎಲ್ಲ ಸಾಲಿನಲ್ಲೂ ದೀರ್ಘ ಆಗಬೇಕು. ಹಳೆಯ ಲಾಕ್ಷಣಿಕರು ಈ ಪ್ರಾಸಗಳಿಗೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಪ್ರಾಣಿಗಳ ಹೆಸರಿಟ್ಟಿದ್ದಾರೆ. ಮೊದಲ ಅಕ್ಷರ ದೀರ್ಘ ಇದ್ದರೆ ಗಜ. ಬಾದಾಮಿಯ ಬಂಡೆ ಮೇಲಿನದ್ದೂ ಗಜ. ಹಾಡುವ ಹೆಣ್ಣುಮಕ್ಕಳು ಈ ನಿಯಮವನ್ನು ಎಲ್ಲ ಕಡೆ ಕಟ್ಟುನಿಟ್ಟಾಗಿ ಹಿಡಿಯೋದಿಲ್ಲ, ಆದರೆ ಹಿಡಿದ ಕಡೆ ಪದ್ಯ ನೆನಪಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಮುಂದಿನ ಸಾಲು ಹೇಗೆ ಶುರುವಾಗುತ್ತದೆ ಅನ್ನೋದಕ್ಕೆ ಅದೇ ಗುರುತು.

ಹೆಣ್ಣುಮಕ್ಕಳು ಅಂದೆ. ಶಾಸನದ ವೀರನಿಂದ ಬೀಸುವ ಕಲ್ಲಿನ ತನಕ ಈ ಅಚ್ಚು ಬಂದ ದಾರಿ ಪೂರ್ತಿ ಬರಹದಲ್ಲಿ ಇಲ್ಲ. ನಡುವೆ ಅಕ್ಕಮಹಾದೇವಿಯ ಹೆಸರಿನ ‘ಯೋಗಾಂಗ ತ್ರಿವಿಧಿ’ ಇದೆ, ಆಮೇಲೆ ಸರ್ವಜ್ಞ ಇದ್ದಾನೆ. ಆದರೆ ಬಹುಪಾಲು ತ್ರಿಪದಿ ಹುಟ್ಟಿದ್ದು, ಬೆಳೆದದ್ದು ಬೆಳಗಿನ ಜಾವ ಜೋಳ ಬೀಸುತ್ತಾ ಕೂತವರ ಬಾಯಲ್ಲಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರ ಸುತ್ತ ಸೇರಿದ್ದ ಗೆಳೆಯರು, ಅಂದರೆ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ, ಇವರು ಸುತ್ತಲಿನ ಊರುಗಳಲ್ಲಿ ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಆ ಹೊತ್ತಿಗೆ ಬಂಡೆಯ ಶಾಸನಕ್ಕೆ ಹನ್ನೆರಡು ಶತಮಾನ ದಾಟಿತ್ತು.

ಆ ಹಾಡುಗಳಲ್ಲಿ ಹಾರೈಕೆ ಹೇಗಿದೆ ಅಂತ ನೋಡಿದರೆ ನಮ್ಮ ಇಂದಿನ ಸಂದೇಶಕ್ಕೂ ಅದಕ್ಕೂ ಇರೋ ಅಂತರ ಕಾಣುತ್ತದೆ. ಅಲ್ಲಿ ‘ಎಲ್ಲರಿಗೂ’ ಅನ್ನೋದು ಇಲ್ಲ. ಹರಕೆ ಹೋಗೋದು ಒಂದು ಮನೆಗೆ, ಒಬ್ಬ ಅಣ್ಣನಿಗೆ, ಒಂದು ತೊಟ್ಟಿಲಿಗೆ. ಹೆಚ್ಚಿನ ಸಲ ತವರಿಗೆ. ಸುಖ, ಶಾಂತಿ ಅಂತ ಕೈಗೆ ಸಿಗದ ಹೆಸರುಗಳ ಬದಲು ಹಯನು, ಕಣ, ಬಳಿ, ಹೊಳೆ, ಹೂವು ಇಂಥ ಕಣ್ಣಿಗೆ ಕಾಣೋ ವಸ್ತುಗಳು ಬರುತ್ತವೆ. ಇದಕ್ಕೂ ಲೆಕ್ಕ ಒಂದು ಕಾರಣ ಅಂತ ನನಗನಿಸುತ್ತದೆ. ಮನೆ ಮತ್ತು ಹೊಲದ ಕನ್ನಡ ಪದಗಳೇ ಗಣಕ್ಕೆ ತಾನಾಗಿ ಒಗ್ಗುತ್ತವೆ. ಹಾರೈಸುವವಳ ಬಡತನ, ಸಿಟ್ಟು, ಅಳು ಎಲ್ಲಾ ಆ ಸಾಲುಗಳ ಒಳಗೇ ಇರುತ್ತವೆ. ಹಬ್ಬ ಅಂದ ಕೂಡಲೇ ಸಂತೋಷದ ಮುಖವಾಡ ಹಾಕಬೇಕು ಅನ್ನೋ ಒತ್ತಾಯ ಇಲ್ಲ.

ನನಗೆ ಬೇಕಿದ್ದದ್ದು ಅದೇ. ನಾಗರಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಶ್ರಾವಣದಲ್ಲಿ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಬೇಕು, ಮರಕ್ಕೆ ಜೋಕಾಲಿ ಬೀಳಬೇಕು, ಶೇಂಗಾದುಂಡಿ, ಎಳ್ಳುಂಡಿ, ಅಳ್ಳು ಡಬ್ಬಿ ತುಂಬಬೇಕು, ನಾಗಪ್ಪನಿಗೆ ಹಾಲೆರೆಯಬೇಕು. ಅದಕ್ಕಿಂತ ಹಿಂದಿನ ವರ್ಷ ನಮ್ಮವ್ವ ತೀರಿಕೊಂಡಿದ್ದಳು. ಆ ವರ್ಷ ಹಬ್ಬ ಇಲ್ಲ. ಹೋದ ವರ್ಷದ್ದು ಅವ್ವ ಇಲ್ಲದ ಮನೆಯ ಮೊದಲ ಪಂಚಮಿ. ಅಣ್ಣ ಫೋನ್ ಮಾಡಿ ‘ಬರ್ತಿಯೇನು?’ ಅಂತ ಕೇಳಿದ್ದ, ‘ಬಾ’ ಅಂದಿರಲಿಲ್ಲ. ಅವ್ವ ಇಲ್ಲದ ಮ್ಯಾಲೆ ತಂಗಿ ಬರ್ತಾಳೋ ಇಲ್ಲೋ ಅನ್ನೋ ಅಂಜಿಕೆ ಅವನಿಗೆ, ಕರೀತಾರೋ ಇಲ್ಲೋ ಅನ್ನೋ ಅಂಜಿಕೆ ನನಗೆ. ಅಂಥ ಮನೆಗೆ ‘ಹಾರ್ದಿಕ ಶುಭಾಶಯಗಳು’ ಅಂತ ನಾಗಪ್ಪನ ಚಿತ್ರದ ಕೆಳಗೆ ಬರೆದು ಕಳಿಸಲು ಕೈ ಏಳಲಿಲ್ಲ.

ಮೊದಲು ಪ್ರಾಸಕ್ಕೆ ಅಕ್ಷರ ಹುಡುಕಿದೆ. ಹಬ್ಬದ ವಸ್ತುಗಳನ್ನು ಒಂದು ಹಾಳೆಯಲ್ಲಿ ಬರೆದಾಗ ಬೇವು, ಹಾವು ಎರಡೂ ಪಕ್ಕ ಪಕ್ಕ ಕೂತಿದ್ದವು. ದೀರ್ಘದ ಮೇಲೆ ‘ವ’. ಮೂರನೆಯ ಸಾಲಿಗೆ ಅದೇ ತೂಕದ ಪದ ಬೇಕು, ‘ನೋವು’ ತಾನಾಗಿ ಬಂತು. ನಮ್ಮ ಮನೆಯ ಮುಂದಿನ ಬೇವಿನ ಮರಕ್ಕೇ ಜೋಕಾಲಿ ಕಟ್ಟೋದು, ಹಾಗಾಗಿ ಮೊದಲ ಸಾಲು ‘ಬೇವಿನ ಟೊಂಗೆಗೆ ಜೋಕಾಲಿ ಕಟ್ಟಿರಲಿ’ ಅಂತ ಆಯಿತು. ಅರ್ಥ ಸರಿ, ಓಟ ಇನ್ನೂ ಬರಲಿಲ್ಲ. ‘ಬೇವಿನ’, ‘ಟೊಂಗೆಗೆ’ ಎರಡೂ ನಾಲ್ಕು ಮಾತ್ರೆಗೆ ಮುಗಿದುಹೋಗುತ್ತವೆ, ‘ಜೋಕಾಲಿ’ ಐದು ಎಳೆಯುತ್ತದೆ. ಹಾಡುವವರು ಇದಕ್ಕೆ ಮಾಡೋ ಉಪಾಯ ಎಲ್ಲರೂ ಕೇಳಿದ್ದೇ: ನಡುವಿನ ಅಕ್ಷರ ಎಳೀತಾರೆ. ಬೇವೀನ, ಟೊಂಗೀಗೆ. ಬರಹದಲ್ಲಿ ಇದನ್ನು ನೋಡಿ ಹಳ್ಳಿಯ ಸೊಗಡು ಅಂದುಕೊಳ್ಳೋರಿದ್ದಾರೆ, ಅದು ಸೊಗಡಿಗಾಗಿ ಹಾಕಿದ್ದಲ್ಲ, ಗಣ ತುಂಬಲು ಎಳೆದದ್ದು. ಆದ್ದರಿಂದ ಕಂಡ ಕಂಡ ಪದವನ್ನೆಲ್ಲಾ ಎಳೆದರೆ ಜನಪದ ಆಗೋದಿಲ್ಲ. ‘ಜೋಕಾಲಿ’ಯನ್ನು ‘ಜೋಕಾಲೀ’ ಮಾಡಿದರೆ ತುಂಬಿದ ಚೀಲಕ್ಕೆ ಮತ್ತೆ ತುರುಕಿದ ಹಾಗೆ.

‘ಕಟ್ಟಿರಲಿ’ಯದ್ದು ಬೇರೆ ತಕರಾರು. ಮಾತ್ರೆ ಎಣಿಸಿದರೆ ಐದೇ ಇದೆ, ಅಂಶ ಎಣಿಸಿದರೆ ಕಟ್, ಟಿ, ರ, ಲಿ ಅಂತ ನಾಲ್ಕಾಗುತ್ತದೆ, ನಾಲಿಗೆ ಕೊನೆಯಲ್ಲಿ ಓಡುತ್ತದೆ. ಆದರೆ ನಾವು ಮಾತಾಡೋವಾಗ ‘ಕಟ್ಟಿರಲಿ’ ಅಂತ ಯಾರು ಅಂತಾರೆ? ‘ಕಟ್ಟಿರ್ಲಿ’ ಅಂತೀವಿ. ಈಗ ಅಂಶ ಮೂರು, ಮಾತ್ರೆ ಐದು. ಬರಹದ ರೂಪ ಬಿಟ್ಟು ಮಾತಿನ ರೂಪಕ್ಕೆ ಬಂದ ಕೂಡಲೇ ಸಾಲು ಕೂತಿತು.

ಎರಡನೆಯ ಸಾಲಿನಲ್ಲೇ ನಿಜವಾದ ಕೆಲಸ ಇರೋದು. ಅದರ ಎರಡನೆಯ ಗಣ, ಅಂದರೆ ಒಟ್ಟು ಲೆಕ್ಕದಲ್ಲಿ ಆರನೆಯದು, ಬ್ರಹ್ಮ. ಅಲ್ಲಿ ಓಟ ಒಂದು ಹೆಜ್ಜೆ ಕುಗ್ಗುತ್ತದೆ, ಉಸಿರಿಗೆ ಜಾಗ ಸಿಗುತ್ತದೆ. ಹೊಸದಾಗಿ ಬರೆಯುವವರು ಎಡವೋದು ಹೆಚ್ಚಾಗಿ ಇಲ್ಲೇ, ಅಲ್ಲೂ ದೊಡ್ಡ ಪದ ಇಟ್ಟು ಸಾಲನ್ನು ಒಂದೇ ಸಮ ಓಡಿಸುತ್ತಾರೆ, ಆಗ ಅದು ಷಟ್ಪದಿಯ ತುಂಡಿನ ಹಾಗೆ ಕೇಳುತ್ತದೆ. ಇನ್ನೊಂದು ಗುಟ್ಟು ಮೂರನೆಯ ಗಣ ಆದ ಮೇಲೆ ಇರೋ ನಿಲುಗಡೆ. ಪುಸ್ತಕಗಳಲ್ಲಿ ಅಲ್ಲೊಂದು ಅಡ್ಡಗೆರೆ ಹಾಕಿರುತ್ತಾರೆ. ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಹೇಳುತ್ತಾರೆ, ಗೆರೆಯ ಆಚೆ ಒಂಟಿಯಾಗಿ ನಿಂತ ಗಣ ಮೂರನೆಯ ಸಾಲಿನ ಕೈ ಹಿಡಿಯುತ್ತದೆ.

ನನ್ನ ಗೆಳೆಯ ಇಷ್ಟರಲ್ಲಿ ಪೂರ್ತಿ ಇಳಿದಿದ್ದ. ‘ಹಾವೀಗೆ ಹಾಲು ಮಕ್ಳೀಗೆ ಎಳ್ಳುಂಡಿ’ ಅಂತ ಅವನೇ ಕಟ್ಟಿಕೊಟ್ಟ. ಎಣಿಸಿ ನೋಡಿ: ಐದು, ಮೂರು, ಐದು, ಐದು. ಒಂದು ಮಾತ್ರೆಯೂ ಆಚೀಚೆ ಇಲ್ಲ. ಅದನ್ನು ಫೋನಿನಲ್ಲಿ ನಮ್ಮ ಅತ್ತಿಗೆ, ಅಪ್ಪನ ಅಕ್ಕನಿಗೆ, ಹೇಳಿದೆ. ಅವಳು ಊರಿಗೆ ಹಿಟ್ಟಿನ ಗಿರಣಿ ಬರೋ ತನಕ ಬೀಸಿದವಳು. ಒಂದು ಸಲ ಹೇಳಿಕೊಂಡಳು, ಇನ್ನೊಂದು ಸಲ ರಾಗದಲ್ಲಿ ಹೇಳಿಕೊಂಡಳು, ನಿಂತಳು.

‘ಮಕ್ಳೀಗೆ ಅಂತ ನಿಂತು, ಉಂಡಿ ತಗೊಂಡು ಎಲ್ಲಿಗಿ ಹೋಗ್ಲಿಬೇ ನಾ? ಅಲ್ಲಿ ಯಾರನ್ನರ ಕರೀಬೇಕು. ಉಂಡಿ ಕರದ್ರ ಬರ್ತದೇನು?’

ಅವಳ ಕಿವಿಗೆ ಕೇಳಿದ್ದು ಅದೇ ಅಡ್ಡಗೆರೆ. ಅಲ್ಲಿ ನಿಂತಾಗ ‘ಮಕ್ಕಳಿಗೆ’ ಅರ್ಧಕ್ಕೆ ನೇತಾಡುತ್ತದೆ, ‘ಎಳ್ಳುಂಡಿ’ಯಿಂದ ಕೊನೆಯ ಸಾಲಿಗೆ ದಾಟಲು ಸೇತುವೆ ಇಲ್ಲ. ಎಷ್ಟೋ ಹಾಡುಗಳಲ್ಲಿ ಆ ಜಾಗದಲ್ಲಿ ಹಡೆದವ್ವ, ಕಂದಮ್ಮ, ತಮ್ಮಯ್ಯ ಅಂತ ಕರೆಯೋ ಮಾತು ಬರೋದು ಇದಕ್ಕೇ. ಎಂಟನೆಯ ಗಣ ಅಂದರೆ ಹಾಡಿನ ಲಕೋಟೆಯ ಮೇಲಿನ ವಿಳಾಸ ಇದ್ದ ಹಾಗೆ. ನಾವು ಮಕ್ಕಳನ್ನು ಕೈಬಿಟ್ಟೆವು (ಅವರೇನು, ಕೇಳದೇನೇ ಉಂಡಿ ತಿಂತಾರೆ), ಎಳ್ಳುಂಡಿಯನ್ನು ಒಂದು ಮನೆ ಹಿಂದಕ್ಕೆ ಸರಿಸಿದೆವು, ಗೆರೆಯ ಆಚೆ ‘ನನ್ನಣ್ಣ’ ಅಂತ ಬರೆದೆ. ನನ್, ನಣ್, ಣ. ಐದು.

ಬೇವೀನ ಟೊಂಗೀಗೆ ಜೋಕಾಲಿ ಕಟ್ಟಿರ್ಲಿ
ಹಾವೀಗೆ ಹಾಲು ಎಳ್ಳುಂಡಿ | ನನ್ನಣ್ಣ
ನೋವುಂಡ ಮನಿಗೆ ನಗಿಬರ್ಲಿ

ಮೂರನೆಯ ಸಾಲಿನ ನಡುವಿನ ‘ಮನಿಗೆ’ ಹತ್ತನೆಯ ಗಣ, ಮತ್ತೆ ಬ್ರಹ್ಮ, ಮತ್ತೆ ಉಸಿರು. ‘ನೋವುಂಡ’ ಇರಲೋ ಬೇಡವೋ ಅಂತ ಗೆಳೆಯನಿಗೆ ಅನುಮಾನ ಇತ್ತು, ಹಬ್ಬದ ದಿನ ನೋವಿನ ಮಾತು ಯಾಕೆ ಅಂತ. ಅತ್ತಿಗೆ ಆ ಪದದ ಬಗ್ಗೆ ಅನುಮಾನವೇ ಬರಲಿಲ್ಲ. ‘ಉಂಡದ್ದು ಉಂಡೇವಿ ಅಂದ್ರ ಏನಾತು?’ ಅಂದಳು. ಉಂಡಿಯ ಪಕ್ಕ ಉಂಡ ನೋವು ಬಂದು ಕೂತದ್ದು ನಾನು ಯೋಚಿಸಿ ಇಟ್ಟದ್ದಲ್ಲ, ಆದರೆ ಬಂದ ಮೇಲೆ ತೆಗೆಯಲಿಲ್ಲ.

ಆಫೀಸಿನ ಗ್ರೂಪಿಗೆ ಇದೇ ಪದ್ಯ ಸ್ವಲ್ಪ ಬದಲಾಗಿ ಹೋಯಿತು. ವಿಳಾಸದ ಜಾಗದಲ್ಲಿ ‘ನನ್ನಣ್ಣ’ ಹೋಗಿ ‘ಗೆಳೆಯಾರ’ ಬಂತು, ಅದೂ ಐದೇ. ಕೊನೆಯ ಸಾಲಿನಲ್ಲಿ ನೋವಿನ ಬದಲು ಗೆಳೆಯ ‘ದೇವ್ರಂಥ ಮನಿಗೆ ಮಳಿಬರ್ಲಿ’ ಅಂತ ಹಾಕಿದ. ಐದು, ಮೂರು, ಐದು, ಲೆಕ್ಕ ಪಕ್ಕಾ. ಆದರೆ ಎರಡನೆಯ ಅಕ್ಷರದಲ್ಲಿ ‘ವ’ ಹೋಗಿ ‘ವ್ರ’ ಬಂದು ಗಜಪ್ರಾಸದ ಒಂದು ಕಾಲು ಕುಂಟಿತು. ಅದು ಇರಲಿ ಬಿಡಿ, ಮೈಸೂರಿನವನ ಕೈಯಲ್ಲಿ ‘ಮಳಿ’ ಬರಿಸಿದೆವಲ್ಲ. ನಲವತ್ತು ಜನರ ಗ್ರೂಪಿನಲ್ಲಿ ಇಬ್ಬರು ‘ಇದು ಯಾವ ಪುಸ್ತಕದ್ದು?’ ಅಂತ ಕೇಳಿದರು.

ಅಣ್ಣನಿಗೆ ನಾನು ಬರೆದು ಕಳಿಸಿದ್ದಲ್ಲದೆ ಅತ್ತಿ ಫೋನಿನಲ್ಲಿ ಹಾಡಿದ್ದನ್ನೂ ಕಳಿಸಿದ್ದೆ. ಎರಡನೆಯ ಸಾಲನ್ನು ಅವಳು ತಿರುಗಿಸಿ ಹಾಡುವಾಗ ‘ನನ್ನಣ್ಣ’ನ ಜಾಗದಲ್ಲಿ ಅವಳದೇ ತಮ್ಮನನ್ನು, ಅಂದರೆ ನಮ್ಮಪ್ಪನನ್ನು, ಒಂದು ಸಲ ಕರೆದುಬಿಟ್ಟಿದ್ದಳು. ಲೆಕ್ಕ ತಪ್ಪಿರಲಿಲ್ಲ. ರಾತ್ರಿ ಅಣ್ಣನ ಉತ್ತರ ಬಂತು, ಒಂದೇ ಸಾಲು: ‘ಜೋಕಾಲಿ ಹಗ್ಗ ಹಳೇದಾಗೇದ, ಬರೋವಾಗ ಹೊಸಾದು ತಗೊಂಡ್ ಬಾ.’